ಕಾಂಫ್ರೆ ಕಷಾಯ, ಕವಾ ಕ್ಯಾಪ್ಸೂಲ್: ಗಿಡದ್ದೇ ಆದರೂ ಲಿವರಿಗೆ ಯಾಕೆ ಅಪಾಯ?

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ, ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಂಡಿನೋವು ಇದೆ, ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಸಾವಯವ ಕೃಷಿ ಮಾಡುವ ಪರಿಚಯದವರೊಬ್ಬರು ಗೊಬ್ಬರಕ್ಕೆ ಅಂತ ಕಾಂಫ್ರೆ ಗಿಡ ತಂದುಕೊಟ್ಟಿದ್ದರು. ಅದರ ಎಲೆ ಮೂಳೆಗೆ ಒಳ್ಳೆಯದು ಅಂದಿದ್ದಕ್ಕೆ ಎರಡು ವಾರದಿಂದ ದಿನಾ ಒಂದು ಲೋಟ ಕಷಾಯ ಕುಡಿಯುತ್ತಿದ್ದೇನೆ. ನ್ಯೂಜಿಲೆಂಡಿನಲ್ಲಿರುವ ಅಣ್ಣನ ಮಗ ನಿದ್ದೆಗೆ ಅಂತ ಕವಾ ಕ್ಯಾಪ್ಸೂಲ್ ತಂದುಕೊಟ್ಟಿದ್ದಾನೆ, ಅದನ್ನಿನ್ನೂ ಶುರು ಮಾಡಿಲ್ಲ. ಎರಡೂ ಗಿಡದ್ದೇ, ಕುದಿಸಿಯೇ ಕುಡಿಯುತ್ತೇನೆ. ಮಗಳು ಮಾತ್ರ ಲಿವರ್ ಹೋಗುತ್ತೆ ಅಂತ ಹೆದರಿಸುತ್ತಾಳೆ. ನಿಜವಾ?

ಉತ್ತರ: ಮಗಳು ಹೇಳಿದ್ದು ಸರಿ ಅಮ್ಮಾ. ಕಾಂಫ್ರೆ ಕಷಾಯವನ್ನು ಇವತ್ತಿಗೇ ನಿಲ್ಲಿಸಿ. ಕವಾ ಡಬ್ಬಿಯನ್ನು ತೆರೆಯಲೇಬೇಡಿ. ಎರಡು ವಾರ ಕುಡಿದಿರಿ ಎಂದು ಗಾಬರಿ ಬೀಳಬೇಕಾಗಿಲ್ಲ. ಯಾವ ಪರೀಕ್ಷೆ ಮಾಡಿಸಬೇಕು, ಯಾವುದನ್ನು ಗಮನಿಸಬೇಕು ಎಂದು ಮುಂದೆ ಬರೆದಿದ್ದೇನೆ.

ಎರಡೂ ಲಿವರಿಗೆ ತೊಂದರೆ ಕೊಡುವ ಗಿಡಗಳೇ, ಆದರೆ ತೊಂದರೆ ಕೊಡುವ ರೀತಿ ಬೇರೆ ಬೇರೆ. ಕಾಂಫ್ರೆ ಯಾರನ್ನೂ ಬಿಡುವುದಿಲ್ಲ. ಪ್ರಮಾಣ ಸಾಕಷ್ಟಾದರೆ, ದಿನ ಸಾಕಷ್ಟಾದರೆ, ಗಟ್ಟಿಮುಟ್ಟಾದವರ ಲಿವರನ್ನೂ ಕೆಡಿಸುತ್ತದೆ. ಕವಾ ಕುಡಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಎಲ್ಲೋ ಒಬ್ಬರಿಗೆ ಮಾತ್ರ ವಿಪರೀತ ಆಗುತ್ತದೆ. ಆ ಒಬ್ಬರು ಯಾರು ಎಂದು ಮೊದಲೇ ಹೇಳುವ ಪರೀಕ್ಷೆ ನಮ್ಮ ಹತ್ತಿರ ಇಲ್ಲ. "ನಾನು ಕುಡಿದೆ, ನನಗೇನೂ ಆಗಿಲ್ಲ" ಎನ್ನುವವರ ಮಾತು ಎರಡೂ ಕಡೆ ಉಪಯೋಗಕ್ಕೆ ಬರುವುದಿಲ್ಲ, ಕಾರಣ ಮಾತ್ರ ಬೇರೆ. ನೀವು ಈಗಾಗಲೇ ಕುಡಿದಿರುವುದು ಕಾಂಫ್ರೆ, ಹಾಗಾಗಿ ಅದನ್ನೇ ಮೊದಲು ನೋಡೋಣ.

ಕಾಂಫ್ರೆ ಯುರೋಪಿನ ಗಿಡ, ಸಸ್ಯಶಾಸ್ತ್ರದಲ್ಲಿ ಸಿಂಫೈಟಮ್ ಎನ್ನುತ್ತಾರೆ. ಎಲೆ ದೊಡ್ಡದು, ಸುಂಕು ಸುಂಕು. ಬೇರು ಆಳಕ್ಕೆ ಇಳಿಯುತ್ತದೆ. ಅಲ್ಲಿನ ಜನ ಮುರಿದ ಮೂಳೆಗೆ, ಉಳುಕಿಗೆ ಇದರ ಲೇಪ ಹಾಕುತ್ತಿದ್ದರು. "ಮೂಳೆಗೆ ಒಳ್ಳೆಯದು" ಎಂಬ ಮಾತು ಬಂದದ್ದು ಅಲ್ಲಿಂದ. ಹೊರಗೆ ಹಚ್ಚುವ ಲೇಪದ ಖ್ಯಾತಿಯನ್ನು ಲೋಟಕ್ಕೆ ತಂದಿದ್ದೇ ಎಡವಟ್ಟಾಯಿತು.

ಈ ಗಿಡದ ಎಲೆಯಲ್ಲೂ ಬೇರಿನಲ್ಲೂ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಗುಂಪಿನ ವಸ್ತುಗಳಿವೆ. ಹೆಸರು ಉದ್ದವಾಯಿತು, ಇಲ್ಲಿಂದ ಮುಂದೆ ಬರೀ ಆಲ್ಕಲಾಯ್ಡ್ ಎನ್ನುತ್ತೇನೆ. ಎಲೆ ತಿನ್ನಲು ಬರುವ ಹುಳುಗಳನ್ನು ಓಡಿಸುವುದಕ್ಕೆ ಗಿಡ ಇದನ್ನು ತಯಾರಿಸಿಕೊಳ್ಳುತ್ತದೆ. ನಮ್ಮ ಮಲೆನಾಡಿಗೆ ಇದು ಅಪರಿಚಿತ ವಸ್ತುವೇನಲ್ಲ. ಹಸಿರು ಗೊಬ್ಬರಕ್ಕೆ ಬಿತ್ತುವ ಸೆಣಬಿನ ಜಾತಿಯ ಗಿಡಗಳಲ್ಲಿ ಇದೆ, ಬೇಲಿಸಾಲಿನಲ್ಲಿ ಚೇಳಿನ ಕೊಂಡಿಯ ಹಾಗೆ ಬಾಗಿದ ಹೂಗೊಂಚಲು ಬಿಡುವ ಗಿಡದಲ್ಲೂ ಇದೆ. ಮಳೆಗಾಲದ ಆಚೀಚೆ ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಪಟ್ಟೆ ಇರುವ ಚಿಟ್ಟೆಗಳು ಒಣಗಿದ ಇಂಥ ಗಿಡಕ್ಕೆ ನೂರಾರು ಮುತ್ತಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಅವು ಹೂವಿನ ಮಕರಂದಕ್ಕೆ ಬಂದದ್ದಲ್ಲ, ಈ ಆಲ್ಕಲಾಯ್ಡಿಗೆ ಬಂದದ್ದು. ಬಂದವುಗಳಲ್ಲಿ ಹೆಚ್ಚಿನವು ಗಂಡು. ಹೀರಿಕೊಂಡದ್ದನ್ನು ಮೈಯಲ್ಲಿ ಇಟ್ಟುಕೊಂಡು ಹೆಣ್ಣನ್ನು ಒಲಿಸುವ ವಾಸನೆಗೂ, ಹಕ್ಕಿಗಳ ಬಾಯಿಗೆ ಕಹಿಯಾಗುವುದಕ್ಕೂ ಬಳಸುತ್ತವೆ.

ಚಿಟ್ಟೆಗೆ ಏನೂ ಆಗದ್ದು ನಮಗೆ ಯಾಕೆ ಆಗುತ್ತದೆ? ಗಿಡದಲ್ಲಿ ಇರುವ ರೂಪದಲ್ಲಿ ಈ ಆಲ್ಕಲಾಯ್ಡ್ ಅಷ್ಟೇನೂ ಘಾತಕವಲ್ಲ. ಅದನ್ನು ಘಾತಕ ಮಾಡುವುದು ನಮ್ಮ ಲಿವರೇ. ಹೊಟ್ಟೆ ಕರುಳಿನಿಂದ ಹೀರಿಕೊಂಡದ್ದೆಲ್ಲ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿನ ಜೀವಕೋಶಗಳು ಬೇಡದ ವಸ್ತುವನ್ನು ಮಾರ್ಪಡಿಸಿ ಹೊರಹಾಕಲು ಕೆಲವು ಕಿಣ್ವಗಳನ್ನು ಇಟ್ಟುಕೊಂಡಿರುತ್ತವೆ. ನೀವು ನುಂಗುವ ಎಷ್ಟೋ ಮಾತ್ರೆಗಳನ್ನು ಕರಗಿಸಿ ಕಳಿಸುವುದೂ ಅವೇ. ಕಾಂಫ್ರೆಯ ಆಲ್ಕಲಾಯ್ಡ್ ಈ ಕಿಣ್ವಗಳ ಕೈಗೆ ಸಿಕ್ಕಾಗ ಹೊರಹೋಗುವ ಸರಳ ವಸ್ತುವಾಗುವ ಬದಲು, ಹತ್ತಿರ ಸಿಕ್ಕ ಪ್ರೋಟೀನಿಗೂ ಡಿಎನ್‌ಎಗೂ ಅಂಟಿಕೊಳ್ಳುವ ಉಗ್ರ ವಸ್ತುವಾಗುತ್ತದೆ. ತಯಾರಾದ ಜಾಗದಲ್ಲೇ ಅದು ಕಚ್ಚಿ ಹಿಡಿಯುತ್ತದೆ. ಹಾಗಾಗಿಯೇ ಪೆಟ್ಟು ಬೀಳುವುದು ಮೊದಲು ಲಿವರಿಗೆ.

ಲಿವರಿನೊಳಗೆ ರಕ್ತ ಹರಿಯುವ ತೀರಾ ಸಣ್ಣ ನಾಳಗಳಿಗೆ ಒಳಗಿನಿಂದ ತೆಳ್ಳನೆಯ ಪದರ ಇರುತ್ತದೆ. ಈ ಉಗ್ರ ವಸ್ತು ಹೆಚ್ಚಾಗಿ ಕೆಡಿಸುವುದು ಆ ಪದರವನ್ನು. ಅಲ್ಲಿನ ಜೀವಕೋಶಗಳು ಊದಿ, ಕಳಚಿ ಬಿದ್ದು, ಮುಂದಿನ ಸಣ್ಣ ರಕ್ತನಾಳದ ಬಾಯಿಯನ್ನು ಮುಚ್ಚುತ್ತವೆ. ಕಾಲುವೆಯ ಕೊನೆಯಲ್ಲಿ ದರಗು ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಂತು ತೋಟಕ್ಕೆ ಉಕ್ಕುವ ಹಾಗೆ, ಲಿವರಿನಿಂದ ಹೊರಹೋಗಬೇಕಾದ ರಕ್ತ ಹಿಂದಕ್ಕೆ ನಿಲ್ಲುತ್ತದೆ. ಲಿವರ್ ಬಾತುಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕುಡಿಯುವುದನ್ನು ನಿಲ್ಲಿಸದಿದ್ದರೆ ಮುಚ್ಚಿದ ಜಾಗದಲ್ಲಿ ನಾರು ಬೆಳೆದು ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ.

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. 1985ರಲ್ಲಿ ಅಮೆರಿಕದ ವೈದ್ಯರು 49 ವರ್ಷದ ಒಬ್ಬ ಹೆಂಗಸಿನ ವಿವರ ಪ್ರಕಟಿಸಿದರು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಗೆ ಬಂದವರು. ಬಯಾಪ್ಸಿ ಮಾಡಿದರೆ ಲಿವರಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗಿದ್ದವು. ಅವರು ಜೀರ್ಣಕ್ಕೆ ಒಳ್ಳೆಯದೆಂದು ತಿಂಗಳುಗಟ್ಟಲೆ ಕಾಂಫ್ರೆ ಸೇರಿದ ಮಾತ್ರೆ ನುಂಗಿದ್ದರು, ಜೊತೆಗೆ ಗಿಡಮೂಲಿಕೆಯ ಚಹಾ ಕುಡಿದಿದ್ದರು. ಹೊಟ್ಟೆಗೆ ಹೋದ ಆಲ್ಕಲಾಯ್ಡ್ ಎಷ್ಟೆಂದು ಲೆಕ್ಕ ಹಾಕಿದಾಗ ದಿನಕ್ಕೆ ದೇಹದ ತೂಕದ ಒಂದೊಂದು ಕಿಲೋಗೆ ಸುಮಾರು 15 ಮೈಕ್ರೊಗ್ರಾಂ ಎಂದು ಬಂತು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ತೂಕ 50 ಕಿಲೋ ಎಂದುಕೊಂಡರೆ ದಿನಕ್ಕೆ 750 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಮಿಗಿಂತ ಕಡಿಮೆ. ತೂಕ ಮಾಡಲು ಅಡಿಗೆಮನೆಯ ತಕ್ಕಡಿ ಬಿಡಿ, ಚಿನ್ನದಂಗಡಿಯ ತಕ್ಕಡಿಯೂ ತಡವರಿಸುವಷ್ಟು ಅಲ್ಪ. ಜರ್ಮನಿ 1992ರಲ್ಲಿ ಇಂಥ ಮೂಲಿಕೆ ಔಷಧಗಳಿಗೆ ಮಿತಿ ಹಾಕಿದಾಗ, ಹೊಟ್ಟೆಗೆ ತೆಗೆದುಕೊಳ್ಳುವುದಾದರೆ ದಿನಕ್ಕೆ 1 ಮೈಕ್ರೊಗ್ರಾಂ, ಅದೂ ವರ್ಷಕ್ಕೆ 6 ವಾರಕ್ಕಿಂತ ಹೆಚ್ಚಲ್ಲ ಎಂದಿತು. ಆ ಹೆಂಗಸಿನ ಹೊಟ್ಟೆಗೆ ಹೋದದ್ದು ಆ ಮಿತಿಯ ನೂರಾರು ಪಟ್ಟು. ಅವರಿಗೆ ತಾನು ವಿಷ ತಿನ್ನುತ್ತಿದ್ದೇನೆ ಅನ್ನಿಸಿರಲು ಸಾಧ್ಯವೇ ಇರಲಿಲ್ಲ. ರುಚಿಯಿಂದ ತಿಳಿಯುವುದಿಲ್ಲ, ಕುಡಿದ ತಕ್ಷಣ ವಾಂತಿ ಆಗುವುದಿಲ್ಲ. ಇನ್ನೊಂದು ಪ್ರಕಟವಾದ ಪ್ರಕರಣ ನ್ಯೂಜಿಲೆಂಡಿನದು: 23 ವರ್ಷದ ಹುಡುಗ, ಕಾಂಫ್ರೆಯ ಎಳೆ ಎಲೆಯನ್ನು ಸೊಪ್ಪಿನ ಹಾಗೆ ಬೇಯಿಸಿ ತಿಂದಿದ್ದ. ಲಿವರ್ ಸೋತು ತೀರಿಹೋದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರ ಜುಲೈಯಲ್ಲಿ ಕಾಂಫ್ರೆ ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಪೂರಕಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಲು ತಯಾರಕರಿಗೆ ಹೇಳಿತು.

ಹಾಗಾದರೆ ನಿಮ್ಮ ಒಂದು ಲೋಟದಲ್ಲಿ ಎಷ್ಟಿತ್ತು? ಗಿಡ ನೋಡಿ ಯಾರೂ ಹೇಳಲಾರರು. ಬೇರಿನಲ್ಲಿ ಎಲೆಗಿಂತ ಬಹಳ ಹೆಚ್ಚು, ಬಲಿತ ಎಲೆಗಿಂತ ಚಿಗುರಿನಲ್ಲಿ ಹೆಚ್ಚು. ಕಾಂಫ್ರೆಯಲ್ಲೇ ಎರಡು ಮೂರು ಜಾತಿಗಳಿವೆ, ಒಂದೊಂದರಲ್ಲಿ ಒಂದೊಂದು ಪ್ರಮಾಣ. ಸೊಪ್ಪು ಎಂದ ಮೇಲೆ ನಾವು ಎಳೆಯದನ್ನೇ ಆರಿಸಿ ಕೊಯ್ಯುವವರು. ಇಲ್ಲಿ ಆ ಅಭ್ಯಾಸ ಸರಿಯಾಗಿ ಉಲ್ಟಾ ಹೊಡೆಯುತ್ತದೆ.

ಕುದಿಸಿಯೇ ಕುಡಿಯುತ್ತೇನೆ ಎಂದು ನೀವು ಬರೆದದ್ದು ಓದಿ, ಮಲೆನಾಡಿನವರ ಬುದ್ಧಿಯೇ ಇದು ಅನ್ನಿಸಿತು. ನಾವು ವಿಷ ತೆಗೆದು ತಿನ್ನುವುದರಲ್ಲಿ ಪಳಗಿದವರು. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ನೆನೆಹಾಕಿ, ಆಮೇಲೆ ಬೇಯಿಸುತ್ತೇವೆ. ಕಳಲೆಯಲ್ಲಿ ಸೈನೈಡ್ ಬಿಡುವ ವಸ್ತು ಇದೆ. ಹೆಚ್ಚಿ ನೆನೆಸಿದಾಗ ಅದು ಒಡೆದು ನೀರಿಗೆ ಬರುತ್ತದೆ, ಆ ನೀರನ್ನು ಚೆಲ್ಲುತ್ತೇವೆ, ಉಳಿದದ್ದು ಬೇಯುವಾಗ ಹಾರಿಹೋಗುತ್ತದೆ. ಕೆಸುವಿನ ತುರಿಕೆಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತೇವೆ. ಈ ಉಪಾಯಗಳು ತಲೆತಲಾಂತರದಿಂದ ಬಂದವು, ನಿಜವಾಗಿ ಕೆಲಸ ಮಾಡುತ್ತವೆ. ಆದರೆ ಕಾಂಫ್ರೆಯ ಆಲ್ಕಲಾಯ್ಡ್ ಒಲೆಯ ಬಿಸಿಗೆ ಹಾಳಾಗುವಂಥದ್ದಲ್ಲ, ಹಾರಿಹೋಗುವಂಥದ್ದೂ ಅಲ್ಲ. ಅದು ನೀರಿಗೆ ಇಳಿಯುತ್ತದೆ. ಕಳಲೆಯಲ್ಲಿ ನೀರು ಚೆಲ್ಲಿ ಕಳಲೆ ತಿನ್ನುತ್ತೀರಿ. ಕಷಾಯದಲ್ಲಿ ಎಲೆ ಚೆಲ್ಲಿ ನೀರು ಕುಡಿಯುತ್ತೀರಿ.

ತಲೆತಲಾಂತರದ ಅನುಭವಕ್ಕೂ ಸಿಕ್ಕದ ವಿಷ ಇದು, ಅದಕ್ಕೆ ಕಾರಣವೂ ಇದೆ. ತಿಂದ ಒಂದು ಗಂಟೆಯಲ್ಲಿ ಬಾಯಿ ತುರಿಸಿದರೆ, ತಲೆ ಸುತ್ತಿದರೆ ಅಜ್ಜಿಯಂದಿರು ಗುರುತು ಹಿಡಿಯುತ್ತಾರೆ. ವಾರಗಟ್ಟಲೆ ತಿಂದು, ಮತ್ತೆ ಕೆಲವು ವಾರ ಕಳೆದು ಹೊಟ್ಟೆ ಊದಿದರೆ ಯಾರು ಯಾವುದಕ್ಕೆ ಗಂಟು ಹಾಕಬೇಕು? 1975ರಲ್ಲಿ ಆಗಿನ ಮಧ್ಯಪ್ರದೇಶದ ಸರಗುಜಾ ಜಿಲ್ಲೆಯಲ್ಲಿ ಇಂಥದ್ದೇ ಆಯಿತು. ನಾಲ್ಕು ಹಳ್ಳಿಗಳ 67 ಜನರಿಗೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಬಂತು, 28 ಜನ ಸತ್ತರು. ಹುಡುಕುತ್ತಾ ಹೋದರೆ, ಅವರು ಉಣ್ಣುತ್ತಿದ್ದ ಸಾಮೆ ಜಾತಿಯ ಕಿರುಧಾನ್ಯದಲ್ಲಿ ಒಂದು ಕಳೆಗಿಡದ ಬೀಜ ಬೆರೆತಿತ್ತು. ಸೆಣಬಿನ ಕುಲದ್ದೇ ಆದ ಕ್ರೊಟಲೇರಿಯಾ ನಾನಾ ಎಂಬ ಪುಟ್ಟ ಗಿಡ. ಕಾಂಫ್ರೆಯಲ್ಲಿರುವ ಗುಂಪಿನ ಆಲ್ಕಲಾಯ್ಡೇ ಅದರಲ್ಲೂ ಇದ್ದದ್ದು. ಅವರು ಔಷಧ ಕುಡಿದವರಲ್ಲ, ತಮ್ಮ ಹೊಲದ ಧಾನ್ಯ ಉಂಡವರು.

ನಮ್ಮಲ್ಲಿ ಇಂಥ ಕಾಯಿಲೆ ಬಂದರೂ ಹೆಸರು ಹಿಡಿಯುವುದು ಕಷ್ಟ. ಲಿವರ್ ಪರೀಕ್ಷೆಯ ರಿಪೋರ್ಟು ಏರುಪೇರಾಗಿ ಬಂದರೆ ಮಲೆನಾಡಿನ ವೈದ್ಯರ ತಲೆಗೆ ಮೊದಲು ಬರುವುದು ನೀರಿನಿಂದ ಬರುವ ಕಾಮಾಲೆ, ಇಲಿಜ್ವರ, ಡೆಂಗ್ಯೂ, ಸೀಸನ್ನಿನಲ್ಲಿ ಮಂಗನ ಕಾಯಿಲೆ. ಗಂಡಸಾದರೆ ಕುಡಿತ. ಹೊಟ್ಟೆಗೆ ಹೋದ ಗಿಡಮೂಲಿಕೆಯ ಸುದ್ದಿ ಕೊನೆಗೂ ಹೊರಗೆ ಬರುವುದಿಲ್ಲ. ಓಪಿಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಹೀಗಿರುತ್ತದೆ:

"ಏನಾದ್ರೂ ಮಾತ್ರೆ ತಗೊಳ್ತಿದ್ರಾ?"

"ಇಲ್ಲ ಸಾರ್, ಬಿಪಿದು ಒಂದೇ."

"ಕಷಾಯ, ಪುಡಿ, ಲೇಹ್ಯ, ಬೇರು ತೇಯ್ದಿದ್ದು?"

"ಅದಾ, ಅದು ಮನೇದು ಸಾರ್. ಔಷಧಿ ಅಲ್ಲ."

ಎರಡನೆಯ ಪ್ರಶ್ನೆ ಕೇಳದೆ ಹೋದರೆ ಕಾರಣ ಅಲ್ಲೇ ಮುಚ್ಚಿಹೋಗುತ್ತದೆ, ರೋಗಿ ಮನೆಗೆ ಹೋಗಿ ಲಿವರ್ ಸುಧಾರಿಸಲಿ ಎಂದು ಇನ್ನೊಂದು ಲೋಟ ಹೆಚ್ಚಿಗೆ ಕುಡಿಯುತ್ತಾರೆ. ಕೇಳದಿರುವುದು ನಮ್ಮ ವೈದ್ಯರ ಕಡೆಯ ತಪ್ಪೇ, ಅದನ್ನು ರೋಗಿಯ ಮೇಲೆ ಹೊರಿಸುವುದು ಸರಿಯಲ್ಲ.

ಹಾಗೆಂದು ಕಾಂಫ್ರೆ ಗಿಡವನ್ನೇ ತೋಟದಿಂದ ಓಡಿಸಬೇಕೆಂದಿಲ್ಲ. ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ, ಗೊಬ್ಬರದ ಗುಂಡಿಗೆ ಹಾಕಿ. ತರಕಾರಿ ಸೊಪ್ಪಿನ ಪಾತಿಗೆ ಮಾತ್ರ ಹೊದಿಸಬೇಡಿ. ಕೊಳೆಯುವ ಗಿಡದಿಂದ ಈ ಆಲ್ಕಲಾಯ್ಡ್ ಮಣ್ಣಿಗಿಳಿದು ಪಕ್ಕದ ಗಿಡಕ್ಕೂ ಸ್ವಲ್ಪ ಏರಬಲ್ಲದು ಎಂದು ಇದೇ ಗುಂಪಿನ ಬೇರೆ ಗಿಡಗಳಲ್ಲಿ ಕಂಡಿದ್ದಾರೆ. ದನಕ್ಕೂ ಹಾಕಬೇಡಿ. ಕಾಂಫ್ರೆಯನ್ನು ಒಳ್ಳೆಯ ಮೇವೆಂದು ಹೊಗಳುವವರು ಇದ್ದಾರೆ, ಆದರೆ ದನದ ಲಿವರೂ ಇದೇ ಕೆಲಸ ಮಾಡುತ್ತದೆ, ಹಾಲಿಗೂ ಅಲ್ಪಸ್ವಲ್ಪ ಬರುತ್ತದೆ. ಇನ್ನು ಮುಲಾಮಿನ ವಿಷಯ: ಆಲ್ಕಲಾಯ್ಡ್ ತೆಗೆದು ತಯಾರಿಸಿದ ಕಾಂಫ್ರೆ ಮುಲಾಮು ಉಳುಕಿದ ಕಾಲಿನ ನೋವು ಕಡಿಮೆ ಮಾಡುತ್ತದೆ ಎಂದು ಸರಿಯಾದ ಪ್ರಯೋಗಗಳಲ್ಲಿ ಕಂಡಿದೆ. ಅದನ್ನೂ ಗಾಯವಿಲ್ಲದ ಚರ್ಮಕ್ಕೆ, ಕೆಲವೇ ದಿನ ಹಚ್ಚಬೇಕು. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಮುಟ್ಟಬಾರದು. ಮನೆಯಲ್ಲಿ ಎಲೆ ಅರೆದು ಕಟ್ಟುವುದು ಆ ಮುಲಾಮಿಗೆ ಸಮವಲ್ಲ, ಯಾಕೆಂದರೆ ಅರೆದದ್ದರಲ್ಲಿ ಆಲ್ಕಲಾಯ್ಡ್ ಇದ್ದ ಹಾಗೇ ಇರುತ್ತದೆ.

ಈಗ ಕವಾ. ಇದು ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ, ಪೈಪರ್ ಮೆಥಿಸ್ಟಿಕಮ್. ಎಲೆ ನೋಡಿದರೆ ನಿಮಗೂ ಸಂಬಂಧ ಗೊತ್ತಾಗುತ್ತದೆ. ವನುವಾಟು, ಫಿಜಿ, ಟೋಂಗಾ ದ್ವೀಪಗಳಲ್ಲಿ ಅದರ ಬೇರನ್ನು ಜಜ್ಜಿ, ನೀರಿನಲ್ಲಿ ಕಿವುಚಿ, ಸೋಸಿ ಕುಡಿಯುತ್ತಾರೆ. ಬಾಯಿ ಜುಮ್ಮೆನ್ನುತ್ತದೆ, ಮೈ ಸಡಿಲವಾಗುತ್ತದೆ, ಮನಸ್ಸಿನ ಆತಂಕ ಇಳಿಯುತ್ತದೆ. ಶತಮಾನಗಳಿಂದ ಕುಡಿಯುತ್ತಾ ಬಂದಿದ್ದಾರೆ. ವಿಪರೀತ ಕುಡಿಯುವವರಿಗೆ ಚರ್ಮ ಒಣಗಿ ಹುರುಪೆ ಏಳುತ್ತದೆ, ಲಿವರಿನ ಕೆಲವು ಅಂಕಿಗಳು ಏರುತ್ತವೆ, ಆದರೆ ಲಿವರ್ ಸೋತು ಸಾಲುಸಾಲಾಗಿ ಸಾಯುವುದು ಅಲ್ಲಿ ಕಂಡದ್ದಿಲ್ಲ.

1990ರ ದಶಕದಲ್ಲಿ ಯುರೋಪಿನ ಕಂಪನಿಗಳು ಅದೇ ಬೇರಿನ ಸಾರವನ್ನು ಆಲ್ಕೊಹಾಲ್, ಅಸಿಟೋನುಗಳಲ್ಲಿ ತೆಗೆದು ಆತಂಕಕ್ಕೆ ಮಾತ್ರೆ ಮಾಡಿ ಮಾರಿದವು. ಆಮೇಲೆ ಒಂದೊಂದಾಗಿ ವರದಿ ಬರತೊಡಗಿದವು: ಮಾತ್ರೆ ತೆಗೆದುಕೊಂಡ ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಸುಸ್ತು, ಕಾಮಾಲೆ, ಕೆಲವರಿಗೆ ಲಿವರ್ ಕಸಿ, ಕೆಲವರಿಗೆ ಸಾವು. ಅಮೆರಿಕ 2002ರ ಮಾರ್ಚಿನಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು, ಜರ್ಮನಿ ಅದೇ ಜೂನಿನಲ್ಲಿ ಮಾರಾಟದ ಅನುಮತಿ ಹಿಂತೆಗೆದುಕೊಂಡಿತು. ಆದರೆ 2014ರಲ್ಲಿ ಜರ್ಮನಿಯ ನ್ಯಾಯಾಲಯವೊಂದು ಆ ನಿಷೇಧ ಸರಿಯಲ್ಲ ಎಂದಿತು. ಈ ಹಗ್ಗಜಗ್ಗಾಟಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 93 ಪ್ರಕರಣಗಳನ್ನು ಕೂರಿಸಿಕೊಂಡು ನೋಡಿದಾಗ, ಕವಾಕ್ಕೂ ಲಿವರ್ ತೊಂದರೆಗೂ ಹತ್ತಿರದ ನಂಟು ಇದೆ ಎಂದು ಹೇಳಬಹುದಾದವು 8 ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿ ಮದ್ಯ ಕುಡಿಯುತ್ತಿದ್ದರು, ಬೇರೆ ಮಾತ್ರೆ ನುಂಗುತ್ತಿದ್ದರು, ಇಲ್ಲವೇ ಮಾಹಿತಿ ಅರ್ಧಂಬರ್ಧ ಇತ್ತು. ಹಾಗಾಗಿ ಕವಾ ಎಂದರೆ ವಿಷ ಎಂದು ನಾನು ಬರೆಯುವುದಿಲ್ಲ. ಅದು ಕಾಂಫ್ರೆಯ ಸಾಲಿನಲ್ಲಿ ನಿಲ್ಲುವ ವಸ್ತುವಲ್ಲ.

ಆದರೆ ಆ 8 ಜನರಿಗೆ ಯಾಕಾಯಿತು ಎಂಬುದಕ್ಕೆ ಖಚಿತ ಉತ್ತರ ಇಲ್ಲದಿರುವುದೇ ನಿಮ್ಮ ಡಬ್ಬಿಯ ತೊಂದರೆ. ವನುವಾಟುವಿನ ಬೆಳೆಗಾರರು ದಿನಾ ಕುಡಿಯುವ 'ನೋಬಲ್' ತಳಿಯನ್ನು ಬೇರೆ ಇಡುತ್ತಾರೆ, ಎರಡು ದಿನ ಅಮಲು ಇಳಿಯದ 'ಟುಡೇ' ತಳಿಯನ್ನು ದೂರ ಇಡುತ್ತಾರೆ. ಕುಡಿಯುವುದು ಬೇರು ಮಾತ್ರ. ಕಾಂಡದ ಸಿಪ್ಪೆಯಲ್ಲೂ ಎಲೆಯಲ್ಲೂ ಬೇರೆ ಆಲ್ಕಲಾಯ್ಡ್ ಇದೆ ಎಂದು ಅದನ್ನು ಬಳಸುವುದಿಲ್ಲ. ಬೇಡಿಕೆ ಏರಿದಾಗ ಮಾತ್ರೆ ತಯಾರಿಸುವವರಿಗೆ ಸಿಕ್ಕಿದ ಮಾಲಿನಲ್ಲಿ ಸಿಪ್ಪೆ ಬೆರೆತಿತ್ತೋ, ತಪ್ಪು ತಳಿ ಇತ್ತೋ, ಬೂಷ್ಟು ಹಿಡಿದಿತ್ತೋ, ನೀರಿನ ಬದಲು ಬೇರೆ ದ್ರಾವಕ ಬಳಸಿದ್ದು ಕಾರಣವೋ, ಅಥವಾ ಆ ವ್ಯಕ್ತಿಗಳ ಲಿವರಿನ ಹುಟ್ಟುಗುಣವೋ ಎಂದು ಇಂದಿಗೂ ವಾದ ಇದೆ. ಡಬ್ಬಿಯ ಮೇಲೆ 'ಕವಾ ಸಾರ' ಎಂದಿದ್ದರೆ ಈ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗುವುದಿಲ್ಲ. ಅದರ ಮೇಲೆ, ಲಿವರಿನಲ್ಲಿ ಮಾತ್ರೆಗಳನ್ನು ಕರಗಿಸುವ ಕಿಣ್ವಗಳಿಗೆ ಕವಾ ಅಡ್ಡ ಬರುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಬಿಪಿಗೋ ಕೊಲೆಸ್ಟರಾಲಿಗೋ ಮಾತ್ರೆ ಇದ್ದರೆ, ನಿದ್ದೆ ಮಾತ್ರೆ ಇದ್ದರೆ, ಹಿಂದೆ ಕಾಮಾಲೆ ಆಗಿದ್ದರೆ ಕವಾ ಬೇಡವೇ ಬೇಡ. ಈಗಷ್ಟೇ ಎರಡು ವಾರ ಕಾಂಫ್ರೆ ಕುಡಿದ ಲಿವರಿಗಂತೂ ಖಂಡಿತ ಬೇಡ. ಅಣ್ಣನ ಮಗನಿಗೆ ಬೇಜಾರಾಗದ ಹಾಗೆ ನೀವೇ ಹೇಳಿ.

ಇದು ದೂರದ ದ್ವೀಪದ ಕಥೆ ಎಂದುಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತಲ್ಲ, ಆಗ ಮುಂಬೈಯ ವೈದ್ಯರು ಅದನ್ನು ಕುಡಿದ 6 ಮಂದಿಗೆ ಲಿವರಿನ ಉರಿಯೂತ ಆದದ್ದನ್ನು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ 43 ಮಂದಿಯ ವಿವರ ಬಂತು. ಕುಡಿದ ಬೇರೆ ಎಷ್ಟೋ ಜನರಿಗೆ ಏನೂ ಆಗಲಿಲ್ಲ. ತೊಂದರೆಯಾದ ಹಲವರಲ್ಲಿ ದೇಹ ತನ್ನ ಲಿವರಿನ ಮೇಲೆ ತಾನೇ ತಿರುಗಿಬೀಳುವ ಸ್ವಭಾವ ಒಳಗೆ ಮಲಗಿತ್ತು, ಕಷಾಯ ಅದನ್ನು ಎಬ್ಬಿಸಿತು ಎಂಬುದು ವೈದ್ಯರ ಊಹೆ. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಇಬ್ಬರಲ್ಲಿ ಯಾರ ಮಾತು ಸರಿಯಾದರೂ ಥೈರಾಯ್ಡ್ ಅಥವಾ ಬೇರೆ ಆಟೊಇಮ್ಯೂನ್ ಕಾಯಿಲೆ ಇರುವವರು ದಿನನಿತ್ಯ ಅದನ್ನು ಕುಡಿಯದಿರುವುದು ಒಳ್ಳೆಯದು.

ಇನ್ನು ನೀವು ಮಾಡಬೇಕಾದ್ದು. ಈ ವಾರವೇ ಲಿವರಿನ ರಕ್ತಪರೀಕ್ಷೆ, ಅಂದರೆ ಎಲ್‌ಎಫ್‌ಟಿ ಮಾಡಿಸಿ, ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪಿಟಿ-ಐಎನ್‌ಆರ್ ಕೂಡ ಬರೆಸಿಕೊಳ್ಳಿ. ಎರಡಕ್ಕೂ ರಕ್ತ ಒಮ್ಮೆ ಕೊಟ್ಟರೆ ಸಾಕು. ರಿಪೋರ್ಟಿನಲ್ಲಿ ಲಿವರಿಗೆ ಪೆಟ್ಟಾದದ್ದನ್ನು ತೋರಿಸುವ ಎಸ್‌ಜಿಪಿಟಿ 40ರ ಆಸುಪಾಸು ಇದ್ದರೆ ಸಹಜ. ಸ್ವಲ್ಪ ಏರಿದ್ದರೆ, 60 ಅಥವಾ 70 ಎಂದಿದ್ದರೆ, ಹೆದರಬೇಡಿ. ಕೊಬ್ಬು ಕಟ್ಟಿದ ಲಿವರಿನಲ್ಲೂ ಹಾಗೆ ಇರುತ್ತದೆ, ಎರಡು ವಾರ ಬಿಟ್ಟು ಮತ್ತೆ ನೋಡಿದರಾಯಿತು. ಸಹಜಕ್ಕಿಂತ ಮೂರು ಪಟ್ಟು ದಾಟಿ, ಜೊತೆಗೆ ಕಾಮಾಲೆ ತೋರಿಸುವ ಬಿಲಿರುಬಿನ್ ಕೂಡ ಎರಡು ಪಟ್ಟು ದಾಟಿದ್ದರೆ ಅದೇ ದಿನ ಶಿವಮೊಗ್ಗಕ್ಕೆ ಬನ್ನಿ. ಔಷಧದಿಂದಾದ ಲಿವರ್ ಪೆಟ್ಟಿನಲ್ಲಿ ಈ ಎರಡೂ ಒಟ್ಟಿಗೆ ಏರಿದವರಲ್ಲಿ ಹತ್ತರಲ್ಲಿ ಒಬ್ಬರಷ್ಟು ಮಂದಿಗೆ ಪ್ರಾಣಾಪಾಯ ಆಗುತ್ತದೆ ಎಂಬುದು ವೈದ್ಯರು ಹಿಡಿಯುವ ಅಂದಾಜು.

ಕಾಂಫ್ರೆಯ ವಿಷಯದಲ್ಲಿ ರಕ್ತದ ರಿಪೋರ್ಟು ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಇಲ್ಲಿ ಕೆಡುವುದು ಮೊದಲು ರಕ್ತನಾಳ, ಆದ್ದರಿಂದ ಕಣ್ಣು ಹಳದಿಯಾಗದೆಯೇ, ಎಸ್‌ಜಿಪಿಟಿ ಹೆಚ್ಚು ಏರದೆಯೇ ಹೊಟ್ಟೆಗೆ ನೀರು ಬರಬಹುದು. ಹಾಗಾಗಿ ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿಕೊಳ್ಳಿ. ಊಟ ಹೆಚ್ಚದೆ ತೂಕ ಎರಡು ಮೂರು ಕಿಲೋ ಏರಿದರೆ, ಸೀರೆಯ ಒಳಲಂಗದ ಲಾಡಿ ಬಿಗಿಯಾದರೆ, ಬಲಪಕ್ಕೆಲುಬಿನ ಕೆಳಗೆ ಒತ್ತಿದರೆ ನೋವಾದರೆ, ಕಾಲು ಬಾತರೆ, ಹೊಟ್ಟೆಯ ಸ್ಕ್ಯಾನಿಂಗ್ ಬೇಕು. ಬರೀ ಸ್ಕ್ಯಾನಿಂಗ್ ಸಾಲದು, ಲಿವರಿನ ಡಾಪ್ಲರ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಕ್ತ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ತೋರಿಸುವುದು ಅದೇ. ಸಕಾಲದಲ್ಲಿ ನಿಲ್ಲಿಸಿದ ಹಲವರಲ್ಲಿ ಲಿವರ್ ತಾನೇ ಚೇತರಿಸಿಕೊಳ್ಳುತ್ತದೆ. ನೀವು ಎಲೆಯ ಕಷಾಯ ಕುಡಿದದ್ದು, ಬೇರಿನದ್ದಲ್ಲ, ಅದೂ ಎರಡೇ ವಾರ. ನನ್ನ ಅಂದಾಜಿನಲ್ಲಿ ನಿಮಗೆ ಏನೂ ಆಗಿರುವ ಸಂಭವ ಕಡಿಮೆ, ಆದರೂ ನೋಡಿಸದೆ ಬಿಡಬೇಡಿ.

ಮಂಡಿನೋವಿಗೆ ಸದ್ಯಕ್ಕೆ ಬಿಸಿ ಎಣ್ಣೆ ಹಚ್ಚಿ ಶಾಖ ಕೊಡಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಯಿರಿ. ತೀರಾ ನೋವಿದ್ದ ದಿನ ಪ್ಯಾರಾಸಿಟಮಾಲ್ 500 ಮಿಲಿಗ್ರಾಮಿನದ್ದು ಒಂದು, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ಅದೂ ಎಲ್‌ಎಫ್‌ಟಿ ರಿಪೋರ್ಟು ನೋಡಿದ ಮೇಲೆ. ಲ್ಯಾಬಿಗೆ ಹೋಗುವಾಗ ಕಾಂಫ್ರೆ ಎಂದು ಚೀಟಿಯಲ್ಲಿ ಬರೆದುಕೊಂಡು, ಶುರು ಮಾಡಿದ ತಾರೀಖು, ಲೋಟಕ್ಕೆ ಎಷ್ಟು ಎಲೆ ಹಾಕುತ್ತಿದ್ದಿರಿ, ಬೇರೆ ಯಾವ ಮಾತ್ರೆ ಇದೆ ಎಂಬುದನ್ನೂ ಸೇರಿಸಿ ನಿಮ್ಮ ಡಾಕ್ಟರ ಕೈಗೆ ಕೊಡಿ. ಗಿಡದ ಒಂದು ಎಲೆಯನ್ನೂ ತೆಗೆದುಕೊಂಡು ಹೋಗಿ. ಅದು ನಿಜವಾಗಿ ಕಾಂಫ್ರೆಯೋ, ಬೇರೆ ಏನೋ ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕಿದೆ.